ಗೈಡ್‌ಗೆ ಬರೆಯೋ ಮೊದಲ ಮೇಲ್: ಸವಳು ಹೊಲದ ಮಣ್ಣು ತಂದ ಹುಡುಗಿ ಏನ್ ಬರದ್ಲು

(ರಾಯಚೂರಿನಾಗ ಪಿಜಿ ಕೊನೇ ವರ್ಷದ ವಿದ್ಯಾರ್ಥಿಗಳ ಮುಂದ ಮಾತಾಡಿದ್ದು. ಬರದು ಕೊಡ್ರಿ ಅಂತ ಕೆಲವರು ಕೇಳಿದ್ರು, ಅದಕ್ಕ ಇದು. ಮಾತಾಡಿದಂಗ ಬಿಟ್ಟೀನಿ, ಭಾಳ ತಿದ್ದಾಕ ಹೋಗಿಲ್ಲ.)

ನಮಸ್ಕಾರ್ರಿ ಎಲ್ಲಾರಿಗೂ. ಪಿಎಚ್‌ಡಿಗೆ ಅರ್ಜಿ ಹಾಕೋಕಿಂತ ಮೊದ್ಲು ಗೈಡ್ ಆಗೋರಿಗೆ ಒಂದು ಮೇಲ್ ಹಾಕ್ತೀವಲ್ಲ, ನನ್ನ ವಿಷಯ ಇದು, ನಿಮ್ಮ ಕೈಕೆಳಗ ಮಾಡಬಹುದಾ ಅಂತ ಕೇಳೋ ಮೇಲ್, ಇವತ್ತ ಅದರ ಬಗ್ಗೆ ಅಷ್ಟ ಮಾತಾಡ್ತೀನಿ. ನಂಗೂ ಇಂಥ ಮೇಲ್ ಬರ್ತಿರ್ತಾವ. ಹೆಚ್ಚಿನವು ಹೆಂಗಿರ್ತಾವ ಅಂದ್ರ, ನನ್ನ ಹೆಸರು ತಗದು ಇತಿಹಾಸ ವಿಭಾಗದವರ ಹೆಸರು ಹಾಕಿದ್ರೂ ಏನೂ ಫರಕ್ ಆಗಂಗಿಲ್ಲ. ಓದಿದ ಮ್ಯಾಲ ಉತ್ತರ ಕೊಡಾಕ ಅದ್ರಾಗ ಏನೂ ಸಿಗಂಗಿಲ್ಲ, ಹಂಗಾಗಿ ಉತ್ತರ ಹೋಗಂಗಿಲ್ಲ. ಪ್ರೊಫೆಸರ್ ಮಂದಿ ಸೊಕ್ಕಿನವರು ಅಂತ ನೀವು ಬೈಕೊಂತೀರಿ, ಕೆಲವರು ಇರಬಹುದು, ಅದು ಬ್ಯಾರೆ ಮಾತು.

ಹತ್ತು ಸೂತ್ರ ಹೇಳಿ ಕಳಸೋ ಬದ್ಲಿ ಒಂದ ಮೇಲ್ ತಗೊಂಡು ಬಿಚ್ಚಿ ನೋಡೋಣು. ಸಿಂಧನೂರು ಕಡೆ ಹುಡುಗಿ, ಎನ್ವಿರಾನ್‌ಮೆಂಟಲ್ ಸೈನ್ಸ್ ಎಂಎಸ್ಸಿ. ಹೆಸರು ಹೇಳಂಗಿಲ್ಲ, ಕಥಿ ಹೇಳಾಕ ಒಪ್ಪ್ಯಾಳ. ಅವಳ ಪ್ರಾಜೆಕ್ಟ್ ನಿಮಗ ಗೊತ್ತಿರೋ ವಿಷಯಾನ, ಸವಳು. ತುಂಗಭದ್ರಾ ಎಡದಂಡಿ ಕಾಲುವಿ ಮೂಲದಾಗ ಕಡಿಮಿ ನೀರಿನ ಬೆಳಿಗೆ ಅಂತ ಮಾಡಿದ್ದು, ಮ್ಯಾಲಿನ ಹೊಲದವರು ಭತ್ತ ಹಚ್ಚಿದ್ರು, ತಗ್ಗಿನ ಹೊಲದಾಗ ನೀರು ನಿಂತು ಜವಳು ಆತು, ಕೆಳಗಿನ ಉಪ್ಪು ಮ್ಯಾಲ ಬಂತು, ಇನ್ನ ಕೊನೇ ಭಾಗದವರು ನೀರ ಬರ್ಲಿಲ್ಲ ಅಂತ ರಸ್ತೆ ಮ್ಯಾಲ ಕುಂತ್ರು. ಇದನ್ನ ಅವಳು ಪುಸ್ತಕದಾಗ ಓದಿದ್ದಲ್ಲ, ಮನಿ ಮುಂದ ನೋಡಿದ್ದು. ಒಂದು ವಿತರಣಾ ಕಾಲುವಿ ಗುಂಟ 12 ಹೊಲ ಹಿಡದು, ಮೇ ತಿಂಗಳದಾಗ ಹೊಲ ಖಾಲಿ ಇದ್ದಾಗ, ಪ್ರತಿ ಹೊಲದಾಗ ಮೂರು ಆಳದ ಮಣ್ಣು ತಗದ್ಲು: 0-15, 15-30, 30-60 ಸೆಂಟಿಮೀಟರ್. ಒಟ್ಟು 36 ಸ್ಯಾಂಪಲ್. ಪಿಎಚ್ ನೋಡಿದ್ಲು, ಇಸಿ ನೋಡಿದ್ಲು. ಇಸಿ ಅಂದ್ರ ಮಣ್ಣಿನ ನೀರಾಗ ಕರೆಂಟ್ ಎಷ್ಟು ಹರಿತೈತಿ ಅನ್ನೋ ಅಳತಿ, ಉಪ್ಪು ಜಾಸ್ತಿ ಇದ್ರ ಇಸಿ ಜಾಸ್ತಿ.

ಇಷ್ಟು ಛಲೋ ಕೆಲಸ ಮಾಡಿದಾಕಿ ಬರದ ಮೊದಲ ಡ್ರಾಫ್ಟ್ ಹೆಂಗಿತ್ತಪಾ ಅಂದ್ರ, ಮೇಲ್ ಇಂಗ್ಲಿಷ್‌ನಾಗ ಇತ್ತು, ನಾ ಕನ್ನಡದಾಗ ಹೇಳ್ತೀನಿ:

"ಗೌರವಾನ್ವಿತ ಸರ್, ನಾನು ಎಂಎಸ್ಸಿಯನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿದ್ದೇನೆ. ತಮ್ಮ ಅಮೂಲ್ಯ ಸಂಶೋಧನೆಗಳನ್ನು ಓದಿ ಬಹಳ ಪ್ರಭಾವಿತಳಾಗಿದ್ದೇನೆ. ನನಗೆ ಪರಿಸರ, ಮಣ್ಣು, ನೀರು, ರಿಮೋಟ್ ಸೆನ್ಸಿಂಗ್ ಮತ್ತು ಹವಾಮಾನ ಬದಲಾವಣೆಯಲ್ಲಿ ಆಸಕ್ತಿ ಇದೆ. ನಾನು ಕಷ್ಟಪಟ್ಟು ದುಡಿಯುವವಳು. ದಯವಿಟ್ಟು ತಮ್ಮ ಅಡಿಯಲ್ಲಿ ಒಂದು ಪಿಎಚ್‌ಡಿ ಸೀಟು ಕೊಡಬೇಕಾಗಿ ವಿನಂತಿ."

ಇದ್ರಾಗ ಸಿಂಧನೂರು ಇಲ್ಲ, 12 ಹೊಲ ಇಲ್ಲ, 36 ಸ್ಯಾಂಪಲ್ ಇಲ್ಲ. ಬಿಸಲಾಗ ಗುದ್ದಲಿ ಹಿಡದು ತಗ್ಗು ತೋಡಿದಾಕಿ ತನ್ನ ಬಗ್ಗೆ ಹೇಳ್ಕೊಂಡಿದ್ದು "ಕಷ್ಟಪಟ್ಟು ದುಡಿಯುವವಳು" ಅಂತ! ಐದು ಆಸಕ್ತಿ ಬರದಾಳ, ಐದೂ ಬರದ್ರ ಓದೋರಿಗೆ ಒಂದೂ ಇಲ್ಲ ಅಂತ ಅನಸ್ತೈತಿ. ಮ್ಯಾಲ "ಸರ್" ಅಂತ ಬರದಿದ್ಲು, ಅವರು ಮೇಡಂ. ವಿಭಾಗದ ಪೇಜ್ ಒಮ್ಮೆ ತಗದು ನೋಡಿದ್ರ ಗೊತ್ತಾಗ್ತಿತ್ತು, ಇದು ನೋಡಾಕ ಸಣ್ಣದು, ಆದ್ರ ಅಲ್ಲೇ ಮೇಲ್ ಮುಗದು ಹೋಗ್ತೈತಿ.

ಹಂಗಾಗಿ ಮೊದ್ಲು ಮೇಲ್ ಬದಿಗಿಡು, ಆ ಮೇಡಂ ಈಗ ಏನ್ ಮಾಡಾಕತ್ತಾರ ಅದನ್ನ ನೋಡು ಅಂದೆ. ಗೂಗಲ್ ಸ್ಕಾಲರ್ ಪ್ರೊಫೈಲ್ ತೆರೆದಾಗ ಪೇಪರ್‌ಗಳು ಸೈಟೇಶನ್ ಪ್ರಕಾರ ಇರ್ತಾವ, ಅಂದ್ರ ಮಂದಿ ಭಾಳ ಉಲ್ಲೇಖ ಮಾಡಿದ್ದು ಮ್ಯಾಲ. ಅದು ಸಾಮಾನ್ಯವಾಗಿ ಹಳೇ ಕೆಲಸ. ವಿದ್ಯಾರ್ಥಿಗಳು ಮ್ಯಾಲಿನ ಎರಡು ಹೆಸರು ಎತ್ತಿ ಮೇಲ್‌ನಾಗ ಹಾಕ್ತಾರ, ಆ ಪ್ರೊಫೆಸರ್ ಆ ವಿಷಯ ಬಿಟ್ಟು ಎಷ್ಟೋ ವರ್ಷ ಆಗಿರ್ತೈತಿ. ಅಲ್ಲೇ ಬಲಗಡೆ `Year` ಅಂತ ಇರ್ತೈತಿ, ಒತ್ರಿ, ಹೊಸಾವು ಮ್ಯಾಲ ಬರ್ತಾವ. ಆಮ್ಯಾಲ ಶೋಧಗಂಗಾಕ್ಕ ಹೋಗ್ರಿ, ಇನ್‌ಫ್ಲಿಬ್‌ನೆಟ್‌ನವರು ನಡಸೋ ಥೀಸಿಸ್ ಭಂಡಾರ ಅದು, ನಮ್ಮ ದೇಶದ ವಿವಿಗಳ ಪಿಎಚ್‌ಡಿ ಥೀಸಿಸ್ ಅಲ್ಲಿ ಪುಕ್ಕಟೆ ಸಿಗ್ತಾವ. ಗೈಡ್ ಹೆಸರು ಹಾಕಿ ಹುಡುಕ್ರಿ. ಅವರ ಕೈಕೆಳಗ ಮಾಡಿದವರು ಯಾವ ವಿಷಯ ತಗೊಂಡಾರ, ಯಾವಾಗ ಸೇರಿ ಯಾವಾಗ ಮುಗಸ್ಯಾರ ಅನ್ನೋದು ಒಂದಿಷ್ಟು ತಿಳಿತೈತಿ. ಇದನ್ನ ಮಾಡೋರು ಭಾಳ ಕಡಿಮಿ, ಪೇಪರ್ ನೋಡ್ತಾರ, ಥೀಸಿಸ್ ನೋಡಂಗಿಲ್ಲ. ನಂಗ ಕೇಳಿದ್ರ ಗೈಡ್ ಎಂಥವರು ಅನ್ನೋದು ಪೇಪರ್‌ಕಿಂತ ಥೀಸಿಸ್‌ನಾಗ ಜಾಸ್ತಿ ಕಾಣ್ತೈತಿ.

ಆ ಮೇಡಂ ಮಾಡಿದ್ದು ಏನಂದ್ರ, ಸ್ಯಾಟಲೈಟ್ ಚಿತ್ರದಿಂದ ಸವಳು ಹೊಲ ಗುರುತಿಸೋದು. ಸೆಂಟಿನೆಲ್-2 ಅಂತ ಐತಿ, ಅದರ ಚಿತ್ರದಾಗ ಒಂದು ಚುಕ್ಕಿ ಅಂದ್ರ ನೆಲದ ಮ್ಯಾಲ 10 ಮೀಟರ್, ಐದು ದಿನಕ್ಕೊಮ್ಮೆ ಅದೇ ಜಾಗದ ಮ್ಯಾಲ ಬರ್ತೈತಿ, ಡೇಟಾ ಪುಕ್ಕಟೆ. ಉಪ್ಪು ಹೆಪ್ಪುಗಟ್ಟಿದ ಹೊಲ ಬೆಳ್ಳಗ ಹೊಳಿತೈತಿ, ಅದನ್ನ ಲೆಕ್ಕಕ್ಕ ಹಿಡಿತಾರ. ಸರಿ ಐತೋ ಇಲ್ಲೋ ಅಂತ ಪರೀಕ್ಷೆ ಮಾಡಾಕ ನೆಲದ ಮಣ್ಣು ತಗೊಂಡಿರ್ತಾರ. ಪೇಪರ್‌ನಾಗ ವಿಧಾನ ಅನ್ನೋ ಭಾಗ ಓದಿದಾಗ ಹುಡುಗಿಗೆ ಕಂಡಿದ್ದು, ಮೇಡಂ ಅವರ ನೆಲದ ಸ್ಯಾಂಪಲ್ ಎಲ್ಲಾ 0-15 ಸೆಂಟಿಮೀಟರ್. ಇವಳ ಹತ್ರ 60 ತನಕ ಐತಿ. ಮತ್ತ ಇವಳ 12 ಹೊಲದಾಗ 5 ಹೊಲದಾಗ ಮ್ಯಾಲಿನಕಿಂತ ಕೆಳಗಿನ ಪದರದಾಗ ಇಸಿ ಜಾಸ್ತಿ. ಅಂದ್ರ ಮ್ಯಾಲ ನೋಡಿದ್ರ ಛಲೋ ಕಪ್ಪು ಹೊಲ, ಕೆಳಗ ಉಪ್ಪು ಕುಂತೈತಿ. ಸ್ಯಾಟಲೈಟ್ ನೋಡೋದು ಮಣ್ಣಿನ ಮೈ ಅಷ್ಟ. ಹಂಗಾದ್ರ ಆ ಐದು ಹೊಲ ನಕ್ಷೆದಾಗ ತಪ್ಪಿ ಹೋಗ್ತಾವಾ?

ನೋಡ್ರಿ, ಮೇಲ್ ಇಲ್ಲಿ ಹುಟ್ಟಿತು. ನಿಮ್ಮ ಕೈಯಾಗಿರೋ ಒಂದು ಸಂಗತಿ ಅವರ ಈಗಿನ ಕೆಲಸಕ್ಕ ಯಾವ ಜಾಗದಾಗ ತಾಕ್ತೈತಿ, ಅದು ಮೂರ್ನಾಕು ಸಾಲಿನಾಗ ಬಂದ್ರ ಸಾಕು. ನಿಮ್ಮ ಪೇಪರ್‌ನಾಗ ತಪ್ಪೈತಿ ಅಂತ ತೋರಸೋ ಧಾಟಿ ಬ್ಯಾಡ, ಭಾರಿ ಐತ್ರಿ ಅಂತ ಹೊಗಳೋದೂ ಬ್ಯಾಡ. ಅವರು ಬಿಟ್ಟ ಜಾಗದಿಂದ ಮುಂದಿನ ಪ್ರಶ್ನೆ ಕೇಳಿದ್ರ ಓದ್ಯಾಳ ಅಂತ ಅವರಿಗೆ ತಾನ ಗೊತ್ತಾಗ್ತೈತಿ.

ಇಲ್ಲೊಂದು ಗುಂಡಿ ಇತ್ತು, ಅದನ್ನ ಹೇಳ್ಬೇಕು. ಎರಡನೇ ಡ್ರಾಫ್ಟ್‌ನಾಗ ಹುಡುಗಿ ಬರದ್ಲು, ನನ್ನ ಹೊಲದಾಗ ಕೆಳಗಿನ ಪದರದ ಇಸಿ 2.4 ಡೆಸಿಸೀಮನ್ಸ್ ಪ್ರತಿ ಮೀಟರ್ ಬಂದೈತಿ, ಸವಳು ಅನ್ನಾಕ 4 ಇರಬೇಕು, ಹಂಗಾಗಿ ಇದು ಇನ್ನೂ ಸವಳಲ್ಲ ಅಂತ. ಓದಾಕ ಬರೋಬ್ಬರಿ ಕಾಣ್ತೈತಿ. ಆದ್ರ ಹೆಂಗ ಅಳದಿ ಅಂತ ಕೇಳಿದೆ. ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಹಾಕಿ, ಕಲಕಿ, ಅಳದಿದ್ಲು. ನಮ್ಮ ಲ್ಯಾಬ್‌ನಾಗ ಇದ ರೂಢಿ, ತಪ್ಪೇನಿಲ್ಲ. ಆದ್ರ ಆ 4 ಅನ್ನೋ ಗಡಿ ಇರೋದು ಬ್ಯಾರೆ ವಿಧಾನಕ್ಕ, ಮಣ್ಣಿಗೆ ಕೆಸರಾಗೋವಷ್ಟ ನೀರು ಹಾಕಿ ಅದ್ರಿಂದ ಎಳದ ನೀರಿಗೆ. ಎರಡೂವರೆ ಪಾಲು ನೀರು ಹಾಕಿದ್ರ ಉಪ್ಪು ತಿಳಿ ಆಗ್ತೈತಿ, ಸಂಖ್ಯೆ ಕೆಳಗ ಬರ್ತೈತಿ. ಹಂಗಾಗಿ ಅವಳ 2.4 ಕೆಸರಿನ ಲೆಕ್ಕದಾಗ 4 ದಾಟಿರೋ ಸಾಧ್ಯತೆ ಭಾಳ. ಎರಡನ್ನ ನೇರ ಹೋಲಿಸಂಗಿಲ್ಲ. ಸವಳಿನಾಗ ಕೂದಲು ಹಣ್ಣಾದವರಿಗೆ ಇದು ಎರಡು ಸೆಕೆಂಡಿನಾಗ ಕಾಣ್ತೈತಿ, ಕಂಡ ಮ್ಯಾಲ ಆ ಮೇಲ್ ಮುಂದ ಓದಂಗಿಲ್ಲ.

ತಿದ್ದಿದ್ದು ಹೆಂಗ? ಗಡಿ ಮಾತು ಪೂರ್ತಿ ತಗದ್ಲು. ಒಂದ ವಿಧಾನದಾಗ ಅಳದ ಮ್ಯಾಲಿನ ಪದರ, ಕೆಳಗಿನ ಪದರ ಎರಡನ್ನ ಒಂದಕ್ಕೊಂದು ಹೋಲಿಸೋದ್ರಾಗ ಯಾವ ತಕರಾರೂ ಇಲ್ಲ, ಅಷ್ಟ ಇಟ್ಲು, ಪಕ್ಕದಾಗ "1:2.5" ಅಂತ ಬರದ್ಲು. ಆ ಒಂದು ಸಂಖ್ಯೆ ನೋಡಿದ್ರ ಓದೋರಿಗೆ ಇವಳಿಗೆ ತನ್ನ ಅಳತಿ ಏನು ಅಂತ ಗೊತ್ತೈತಿ ಅನ್ನೋದು ತಿಳಿತೈತಿ. ನಿಮ್ಮ ವಿಷಯ ಮಣ್ಣಲ್ಲದಿರಬಹುದು, ಜಾನಪದ ಇರಬಹುದು, ಎಕನಾಮಿಕ್ಸ್ ಇರಬಹುದು, ಅಲ್ಲೂ ಇಂಥದ್ದೊಂದು ಇರ್ತೈತಿ, ಎಷ್ಟು ಮಂದಿನ್ನ ಕೇಳಿದ್ರಿ, ಯಾವ ವರ್ಷದ ಸೆನ್ಸಸ್, ಯಾವ ಹಸ್ತಪ್ರತಿ. ಮೇಲ್ ಕಳಸೋ ಮುಂಚೆ ನಿಮ್ಮ ಎಂಎಸ್ಸಿ ಗೈಡ್‌ಗೆ ಆ ಪ್ಯಾರಾ ಅಷ್ಟರ ತೋರಿಸ್ರಿ.

ಕೊನೆಗೆ ಹೋದ ಮೇಲ್ ಇದು, ಕನ್ನಡದಾಗ:

"ಪ್ರೊಫೆಸರ್ ಅವರಿಗೆ (ಇಲ್ಲಿ ಹೆಸರು), ನಾನು ಎನ್ವಿರಾನ್‌ಮೆಂಟಲ್ ಸೈನ್ಸ್ ಎಂಎಸ್ಸಿ ಮುಗಿಸಿದ್ದೇನೆ. ಮುಂದಿನ ಪ್ರವೇಶದಲ್ಲಿ ನಿಮ್ಮ ವಿಭಾಗಕ್ಕೆ ಪಿಎಚ್‌ಡಿ ಅರ್ಜಿ ಹಾಕಬೇಕೆಂದಿದ್ದೇನೆ, ಅದಕ್ಕೂ ಮೊದಲು ನಿಮ್ಮನ್ನು ಎರಡು ವಿಷಯ ಕೇಳಲು ಬರೆಯುತ್ತಿದ್ದೇನೆ.

ಎಂಎಸ್ಸಿ ಪ್ರಾಜೆಕ್ಟ್‌ಗಾಗಿ ಸಿಂಧನೂರು ತಾಲೂಕಿನ ಒಂದು ವಿತರಣಾ ಕಾಲುವೆಯ 12 ಭತ್ತದ ಹೊಲಗಳಲ್ಲಿ, ಮೇ ತಿಂಗಳಲ್ಲಿ, 60 ಸೆಂ.ಮೀ. ಆಳದವರೆಗೆ ಮಣ್ಣು ತೆಗೆದು ಇಸಿ (1:2.5) ಅಳೆದೆ. 5 ಹೊಲಗಳಲ್ಲಿ 30-60 ಸೆಂ.ಮೀ. ಪದರದ ಇಸಿ ಮೇಲಿನ ಪದರಕ್ಕಿಂತ ಹೆಚ್ಚು ಬಂತು. ನಿಮ್ಮ ಇತ್ತೀಚಿನ ಸವಳು ನಕ್ಷೆಯ ಪೇಪರ್‌ನಲ್ಲಿ ನೆಲದ ಸ್ಯಾಂಪಲ್ 0-15 ಸೆಂ.ಮೀ. ಇವೆ. ಇಂಥ ಹೊಲಗಳು ಸ್ಯಾಟಲೈಟ್ ನಕ್ಷೆಯಲ್ಲಿ ಒಳ್ಳೆಯ ಹೊಲವೆಂದು ಬೀಳುತ್ತವೆಯೇ, ಬಿದ್ದರೆ ಬೆಳೆ ನಿಂತಾಗಿನ ಚಿತ್ರದಿಂದ ಹಿಡಿಯಬಹುದೇ ಎಂಬುದನ್ನು ಪಿಎಚ್‌ಡಿಯಲ್ಲಿ ನೋಡುವ ಆಸೆ. ನನ್ನದು 12 ಹೊಲ, ಒಂದೇ ಋತು, ಇದರಿಂದ ಹೆಚ್ಚು ಹೇಳಲಾಗದು ಎಂಬುದು ಗೊತ್ತಿದೆ.

ಬರುವ ಪ್ರವೇಶದಲ್ಲಿ ನೀವು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತೀರಾ? ಈ ಪ್ರಶ್ನೆ ನಿಮ್ಮ ಈಗಿನ ಕೆಲಸಕ್ಕೆ ಹೊಂದುತ್ತದೆಯೇ? ಸಿ.ವಿ. ಜೊತೆಗಿದೆ. ಪ್ರಾಜೆಕ್ಟ್ ವರದಿ ಬೇಕೆಂದರೆ ಕಳಿಸುತ್ತೇನೆ."

ಅಷ್ಟ. ಮೊಬೈಲ್‌ನಾಗ ಓದಿದ್ರ ಎರಡು ಸಲ ಬೆರಳು ಸರಿಸಿದ್ರ ಮುಗಿತೈತಿ. ಕೊನೇ ಎರಡು ಪ್ರಶ್ನೆ ನೋಡ್ರಿ, ಎರಡಕ್ಕೂ ಒಂದ ಸಾಲಿನ ಉತ್ತರ ಸಾಕು. ಸೀಟು ಕೊಡ್ರಿ ಅಂತ ಕೇಳಿದ್ರ ಅವರಾದ್ರೂ ಏನ್ ಮಾಡ್ಬೇಕು, ಸೀಟು ಅವರ ಕಿಸೆದಾಗ ಇರಂಗಿಲ್ಲ. ನಮ್ಮ ವಿವಿಗಳಿಗೆ ಯುಜಿಸಿ 2022ರ ಪಿಎಚ್‌ಡಿ ನಿಯಮ ಐತಿ. ಒಬ್ಬ ಪ್ರೊಫೆಸರ್ ಒಂದು ಹೊತ್ತಿಗೆ 8 ಮಂದಿ, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4, ಅದಕ್ಕಿಂತ ಜಾಸ್ತಿ ತಗೊಳ್ಳಂಗಿಲ್ಲ. ರಿಟೈರ್ಡ್ ಆಗಾಕ ಮೂರು ವರ್ಷಕ್ಕಿಂತ ಕಡಿಮಿ ಇದ್ದೋರು ಹೊಸಬರನ್ನ ತಗೊಳ್ಳಂಗಿಲ್ಲ. ಹಂಗಾಗಿ ನಿಮ್ಮ ಮೇಲ್ ಎಷ್ಟ ಛಲೋ ಇದ್ರೂ ಜಾಗ ಖಾಲಿ ಇಲ್ಲಂದ್ರ ಇಲ್ಲ. ಮ್ಯಾಲ ಎಂಟ್ರನ್ಸ್ ಇಲ್ಲಾಂದ್ರ ನೆಟ್ ಪಾಸಾಗಬೇಕು, ಆಮ್ಯಾಲ ಇಂಟರ್‌ವ್ಯೂ. 2024-25ರಿಂದ ನೆಟ್ ಅಂಕದ ಮ್ಯಾಲೂ ಪಿಎಚ್‌ಡಿ ಪ್ರವೇಶ ಕೊಡಬಹುದು ಅಂತ ಆಗೈತಿ. ಜೆಆರ್‌ಎಫ್ ಇಲ್ಲದ ನೆಟ್‌ನವರಿಗೆ ಅದರ ಅಂಕಕ್ಕ 70, ಇಂಟರ್‌ವ್ಯೂಕ್ಕ 30 ಅಂತ ಲೆಕ್ಕ. ನಿಮಗ ಜೆಆರ್‌ಎಫ್ ಆಗಿದ್ರ ಮೇಲ್‌ನಾಗ ಒಂದು ಸಾಲು ಹೇಳ್ರಿ, ಅದು ಜಂಭ ಅಲ್ಲ, ಫೆಲೋಶಿಪ್ ನಿಮ್ಮ ಜೊತೆ ಬರ್ತೈತಿ ಅನ್ನೋದು ಅವರಿಗೆ ಬೇಕಾಗಿರೋ ಸುದ್ದಿ. ಕೃಷಿ ವಿವಿ ದಾರಿನ ಬ್ಯಾರೆ, ಅಲ್ಲಿಯ ಪರೀಕ್ಷೆ, ಪ್ರವೇಶದ ನಿಯಮ ಅಲ್ಲಿಯ ಪ್ರಕಟಣೆದಾಗ ನೋಡ್ಕೊಳ್ರಿ.

ವಿಷಯದ ಸಾಲು, ಸಬ್ಜೆಕ್ಟ್ ಲೈನ್, ಭಾಳ ಮಂದಿ ಖಾಲಿ ಬಿಡ್ತಾರ, ಇಲ್ಲಾಂದ್ರ "ರಿಕ್ವೆಸ್ಟ್" ಅಂತ ಹಾಕ್ತಾರ. ಅವಳು ಹಾಕಿದ್ದು:

```
PhD enquiry: subsurface salinity in TBP paddy fields
```

ಆರು ತಿಂಗಳ ಮ್ಯಾಲ ಹುಡುಕಿದ್ರೂ ಸಿಗ್ತೈತಿ. ಸಿ.ವಿ. ಎರಡು ಪುಟ, ಪಿಡಿಎಫ್, ಫೈಲಿಗೆ ನಿಮ್ಮ ಹೆಸರು. ಮಾರ್ಕ್ಸ್ ಕಾರ್ಡ್ ಫೋಟೋ ಹೊಡದು ಹದಿನೈದು ಚಿತ್ರ ಹಾಕಬ್ಯಾಡ್ರಿ. ಡ್ರೈವ್ ಲಿಂಕ್ ಕೊಟ್ರ ಭಾಳ ಸಲ ಅದು ಪರ್ಮಿಷನ್ ಕೇಳ್ತೈತಿ, ಅಲ್ಲಿಗೆ ಓದೋರು ಮುಚ್ಚಿಬಿಡ್ತಾರ. ಹಾಕಲೇಬೇಕಂದ್ರ ಬ್ಯಾರೆಯವರ ಫೋನ್‌ನಾಗ ತೆರೆದು ನೋಡ್ರಿ.

ಹಿಂದ ಕುಂತ ಒಬ್ಬರು ಕೇಳಿದ್ರು, ಸರ್, ಒಂದ ವಿಭಾಗದಾಗ ನಾಕು ಮಂದಿ ಅದಾರ, ನಾಕೂ ಮಂದಿಗೆ ಕಳಸಬಹುದಾ ಅಂತ. ಒಂದ ಮೇಲ್ ಹೆಸರು ಬದ್ಲಿಸಿ ಕಳಸಿದ್ರ ಸಿಕ್ಕಿ ಬೀಳ್ತೀರಿ, ಆ ನಾಕೂ ಮಂದಿ ಮಧ್ಯಾಹ್ನ ಕೂಡೇ ಚಾ ಕುಡಿತಾರ. ನಿಮ್ಮ ಪ್ರಶ್ನೆ ಖರೇನ ಇಬ್ಬರ ಕೆಲಸಕ್ಕೂ ತಾಕ್ತಿದ್ರ ಒಬ್ಬರಿಗೆ ಮೊದ್ಲು ಬರೀರಿ, ಉತ್ತರ ಬರ್ಲಿಲ್ಲಂದ್ರ ಇನ್ನೊಬ್ಬರಿಗೆ, ಆ ಮಧ್ಯದ ಪ್ಯಾರಾ ಹೊಸದಾಗಿ ಬರದು. ಬ್ಯಾರೆ ಬ್ಯಾರೆ ವಿವಿ ಆದ್ರ ಒಟ್ಟಿಗೆ ಕಳಸ್ರಿ, ಏನೂ ತಪ್ಪಿಲ್ಲ.

ಹೊರದೇಶದ್ದು ಕೇಳಿದ್ರು ಇನ್ನೊಬ್ಬರು. ಚುಟುಕಾಗಿ ಹೇಳ್ತೀನಿ. ಜರ್ಮನಿದಾಗ ಒಬ್ಬರ ಕೈಕೆಳಗ ಮಾಡೋ ಪಿಎಚ್‌ಡಿ ಆದ್ರ ಗೈಡ್ ಮೊದ್ಲು ಒಪ್ಪಬೇಕು, ಹಂಗಾಗಿ ಅಲ್ಲಿ ಈ ಮೇಲ್‌ನ ಅರ್ಜಿ ಇದ್ದಂಗ. ಅಮೆರಿಕದ ಎಷ್ಟೋ ವಿಭಾಗದಾಗ ಕಮಿಟಿ ತೀರ್ಮಾನ ಮಾಡ್ತೈತಿ, ಪ್ರೊಫೆಸರ್ ಹೂಂ ಅಂದ್ರೂ ಅದು ಪ್ರವೇಶ ಅಲ್ಲ. ಅಲ್ಲಿಯ ಅರ್ಜಿ ಬಹಳಷ್ಟು ಡಿಸೆಂಬರ್ ಹೊತ್ತಿಗೆ ಮುಗಿತಾವ, ಹಂಗಾಗಿ ಆಗಸ್ಟ್-ಸೆಪ್ಟೆಂಬರ್‌ನಾಗ ಬರೀಬೇಕು. ಕೆಲವು ವಿಭಾಗದವರು ಮುಂಚೆ ಮೇಲ್ ಹಾಕಬ್ಯಾಡ್ರಿ ಅಂತ ವೆಬ್‌ಸೈಟ್‌ನಾಗ ಬರದಿರ್ತಾರ, ಅಂಥಲ್ಲಿ ಹಾಕಬ್ಯಾಡ್ರಿ.

ಉತ್ತರ ಬರ್ಲಿಲ್ಲಂದ್ರ? ಎರಡು ವಾರ ಬಿಡ್ರಿ. ಆಮ್ಯಾಲ ಹಳೇ ಮೇಲ್‌ಗೆ ರಿಪ್ಲೈ ಒತ್ತಿ, ಎರಡು ಸಾಲು. ಹೊಸ ಮೇಲ್ ಬ್ಯಾಡ, ಯಾಕಂದ್ರ ಹಳೇದು ಕೆಳಗ ಇದ್ರ ಅವರು ಹುಡುಕಬೇಕಾಗಂಗಿಲ್ಲ. ಅದಕ್ಕೂ ಬರ್ಲಿಲ್ಲಂದ್ರ ಬಿಟ್ಟುಬಿಡ್ರಿ. ಫೋನ್ ನಂಬರ್ ಎಲ್ಲಿಂದರ ತಗೊಂಡು ವಾಟ್ಸಾಪ್‌ನಾಗ "ಗುಡ್ ಮಾರ್ನಿಂಗ್ ಮೇಡಂ" ಅಂತ ಹೂವಿನ ಚಿತ್ರ ಕಳಸೋರು ಅದಾರ, ದಯವಿಟ್ಟು.

ಬಂದ ಉತ್ತರ ಓದೋದು ಇನ್ನೊಂದು ಕಲಿ. "ಪೋರ್ಟಲ್‌ನಲ್ಲಿ ಅರ್ಜಿ ಹಾಕಿ" ಅಂತ ಒಂದ ಸಾಲು ಬಂದ್ರ ಅದು ಹೂಂ ಅಲ್ಲ, ಉಹೂಂನೂ ಅಲ್ಲ, ಎಲ್ಲಾರಿಗೂ ಹೋಗೋ ಸಾಲು. "ಈ ವರ್ಷ ಜಾಗ ಇಲ್ಲ" ಅಂದ್ರ ಅದನ್ನ ಹಂಗ ನಂಬ್ರಿ, ಈ ಪ್ರಶ್ನೆಗೆ ಬ್ಯಾರೆ ಯಾರು ಸರಿ ಹೋಗ್ತಾರ ಅಂತ ಕೇಳ್ರಿ, ಹೇಳ್ತಾರ. ಖರೇ ಆಸಕ್ತಿ ಇದ್ದೋರು ಪ್ರಶ್ನೆ ಕೇಳ್ತಾರ.

ಆ ಮೇಡಂ ಎರಡು ಸಾಲು ಬರದಿದ್ರು. ಒಂದು, ಜಾಗ ಖಾಲಿ ಆಗಬಹುದು, ಎಂಟ್ರನ್ಸ್ ಪಾಸಾಗಬೇಕು. ಎರಡು, ನಿನ್ನ ಹೊಲಗಳ ಜಿಪಿಎಸ್ ಪಾಯಿಂಟ್ ಐತಾ? ಇದು ಸುಮ್ನ ಕೇಳಿದ್ದಲ್ಲ. ಪಾಯಿಂಟ್ ಇದ್ರ ಆ ಹೊಲದ ಮೇ ತಿಂಗಳ ಸ್ಯಾಟಲೈಟ್ ಚಿತ್ರ ತಗದು ಈಗಿಂದೀಗ ನೋಡಬಹುದು, ಇಲ್ಲಂದ್ರ ಆ 36 ಸ್ಯಾಂಪಲ್ ನಕ್ಷೆ ಮ್ಯಾಲ ಎಲ್ಲೂ ಕೂರಂಗಿಲ್ಲ. ಹುಡುಗಿ ಹತ್ರ ಒಂಬತ್ತು ಹೊಲದ್ದು ಇತ್ತು, ಮೂರರದ್ದು ಇರ್ಲಿಲ್ಲ, ಅವತ್ತು ಫೋನ್ ಚಾರ್ಜ್ ಹೋಗಿತ್ತಂತ. ಏನ್ ಬರೀಲಿ ಸರ್, ಅಂದಾಜಿನ ಮ್ಯಾಲ ಗೂಗಲ್ ಮ್ಯಾಪ್‌ನಾಗ ಚುಕ್ಕಿ ಇಟ್ಟು ಕಳಸ್ಲಾ ಅಂದ್ಲು. ಬ್ಯಾಡವಾ, ಇದ್ದದ್ದನ್ನ ಬರಿ ಅಂದೆ. ಒಂಬತ್ತು ಹೊಲದ ಪಾಯಿಂಟ್ ಎಕ್ಸೆಲ್ ಶೀಟ್‌ನಾಗ ಹಾಕಿದ್ಲು. ಉಳಿದ ಮೂರಕ್ಕ ಪಾಯಿಂಟ್ ಇಲ್ಲ, ಸರ್ವೆ ನಂಬರ್ ಅದಾವ, ದಿಶಾಂಕ್ ಆ್ಯಪ್‌ನಾಗ ಹೊಲದ ಗಡಿ ಸಿಗ್ತೈತಿ, ಆದ್ರ ಹೊಲದಾಗ ಯಾವ ಮೂಲ್ಯಾಗ ತಗ್ಗು ತೋಡಿದ್ದು ಅನ್ನೋದು ಸಿಗಂಗಿಲ್ಲ, ಬೇಕಂದ್ರ ಬರೋ ಮೇದಾಗ ಆ ಮೂರು ಹೊಲಕ್ಕ ಮತ್ತ ಹೋಗಿ ಹೊಸದಾಗಿ ಮಣ್ಣು ತಗೊಂಡು ಬರ್ತೀನಿ ಅಂತ ಬರದು ಕಳಿಸಿದ್ಲು.